ಎಂಟು ಸೆಕೆಂಡಿನೊಳಗೆ ಒಂದು ಮಾತು

‘ವೈಲ್ಡ್ ಕರ್ನಾಟಕ’ ಸಾಕ್ಷ್ಯಚಿತ್ರಕ್ಕೆ ಇಂಗ್ಲಿಷಿನಲ್ಲಿ ಡೇವಿಡ್ ಅಟೆನ್‌ಬರೋ ದನಿ, ಕನ್ನಡದಲ್ಲಿ ರಿಷಬ್ ಶೆಟ್ಟಿ ದನಿ. ದೃಶ್ಯಗಳು ಮಾತ್ರ ಅವೇ. ಭಾಷೆ ಬದಲಾಯಿತೆಂದು ಯಾವ ಶಾಟ್ ಕೂಡ ಉದ್ದವಾಗುವುದಿಲ್ಲ. ಒಂದೇ ಭಾಷೆಯ ಚಿತ್ರದಲ್ಲೂ ಇದೇ ಕಟ್ಟುಪಾಡು: ರಫ್ ಕಟ್ ಲಾಕ್ ಆಯಿತೆಂದರೆ ಬರೆದಿಟ್ಟ ನಿರೂಪಣೆಯನ್ನು ಶಾಟಿನ ಅಳತೆಗೆ ತಕ್ಕಂತೆ ಮತ್ತೆ ಬರೆಯಬೇಕು.

ಮೊದಲ ಕೆಲಸ ಅಳತೆ. ಕನ್ನಡದಲ್ಲಿ ಪದಗಳನ್ನು ಎಣಿಸಿ ಪ್ರಯೋಜನವಿಲ್ಲ. ‘ಬೇಟೆಯಾಡುತ್ತವೆ’ ಕೂಡ ಒಂದು ಪದ, ‘ಈ’ ಕೂಡ ಒಂದು ಪದ. ಅಕ್ಷರ ಎಣಿಸುವುದೇ ವಾಸಿ. ನಿಧಾನದ ಓದಿಗೆ ಸೆಕೆಂಡಿಗೆ ಸುಮಾರು 5 ಅಕ್ಷರ ಎಂದಿಟ್ಟುಕೊಂಡು, ಓದುವವರ ವೇಗ ನೋಡಿ ತಿದ್ದಿಕೊಳ್ಳಬಹುದು.

ತುಂಗಭದ್ರೆಯ ಒಂದು ಶಾಟ್ ಇದೆ ಎಂದುಕೊಳ್ಳೋಣ. ಒಟ್ಟು 8 ಸೆಕೆಂಡು. ಬಂಡೆಯ ಮೇಲೆ ನೀರುನಾಯಿಗಳು ಕೂತಿವೆ. ನಾಲ್ಕನೇ ಸೆಕೆಂಡಿಗೆ ನೀರಿಗೆ ಹಾರುತ್ತವೆ. ಮೊದಲು ಬರೆದ ಸಾಲು ಇದು: ‘ತುಂಗಭದ್ರೆಯ ದಡದ ಬಂಡೆಗಳ ಮೇಲೆ ಬೆಳಗಿನ ಬಿಸಿಲಿಗೆ ಮೈಯೊಡ್ಡಿ ಕೂತಿರುವ ಈ ನೀರುನಾಯಿಗಳು ಗುಂಪಾಗಿ ನದಿಗಿಳಿದು ಮೀನುಗಳನ್ನು ಬೇಟೆಯಾಡುತ್ತವೆ.’ 55 ಅಕ್ಷರ, ಅಂದರೆ 11 ಸೆಕೆಂಡು.

ಮೂರು ಸೆಕೆಂಡು ಹೆಚ್ಚಾಗಿರುವುದು ಇಲ್ಲಿನ ಚಿಕ್ಕ ತೊಂದರೆ. ನಿಜವಾದ ತೊಂದರೆ ವಾಕ್ಯದ ಕಟ್ಟಿನಲ್ಲಿದೆ. ಕನ್ನಡದಲ್ಲಿ ವಿಶೇಷಣಗಳೆಲ್ಲ ಮೊದಲು ಬಂದು ಹೆಸರು ಆಮೇಲೆ ಬರುತ್ತದೆ, ಕ್ರಿಯಾಪದ ಕಟ್ಟಕಡೆಗೆ. ಹಾಗಾಗಿ ‘ನೀರುನಾಯಿಗಳು’ ಎನ್ನುವಾಗ ಏಳನೇ ಸೆಕೆಂಡು, ಅವು ಆಗಲೇ ನೀರಿನಲ್ಲಿ ಮರೆಯಾಗಿರುತ್ತವೆ. ‘ಬೇಟೆ’ ಎಂಬ ಮಾತು ಮುಂದಿನ ಶಾಟಿನ ಮೇಲೆ ಬಿದ್ದು, ಅಲ್ಲಿ ಕಾಣುವುದು ಖಾಲಿ ಬಂಡೆಯಾದರೆ ನೋಡುಗರಿಗೆ ಗೊಂದಲ. ಬೇಗ ಓದಿಸಿದರೂ ಇದು ಸರಿಹೋಗದು. ಉಸಿರು ಕಟ್ಟಿದಂತೆ ಕೇಳಿಸುತ್ತದೆ, ಅಷ್ಟೇ.

ಪರಿಹಾರ, ಕಣ್ಣಿಗೆ ಕಾಣುವುದನ್ನು ಬಾಯಿಂದ ಹೇಳದಿರುವುದು. ಬಂಡೆ, ಬಿಸಿಲು, ಮೈಯೊಡ್ಡಿರುವುದು ಚಿತ್ರದಲ್ಲೇ ಇವೆ. ಅವನ್ನು ತೆಗೆದು ವಾಕ್ಯವನ್ನು ಎರಡಾಗಿ ಒಡೆದರೆ: ‘ನೀರುನಾಯಿಗಳ ಕುಟುಂಬ. ಮೀನು ಬೇಟೆಗೆ ಎಲ್ಲವೂ ಒಟ್ಟಿಗೇ ಇಳಿಯುತ್ತವೆ.’ 25 ಅಕ್ಷರ, 5 ಸೆಕೆಂಡು. ಶಾಟ್ ಶುರುವಾಗಿ ಒಂದು ಸೆಕೆಂಡು ಬಿಟ್ಟು ಮೊದಲ ತುಂಡು, ಮೂರರೊಳಗೆ ಮುಗಿಯುತ್ತದೆ. ಆಮೇಲೆ ಮೌನ. ನೀರಿಗೆ ಹಾರುವ ಸದ್ದು ಕೇಳಿಸಿದ ಮೇಲೆ, ನಾಲ್ಕೂವರೆಗೆ, ಎರಡನೆಯದು. ಎಂಟು ತುಂಬುವ ಮುನ್ನ ಮಾತು ಮುಗಿದಿರುತ್ತದೆ.

ಈ ಲೆಕ್ಕ ಕಾಗದದ ಮೇಲಿನದು. ಮೊಬೈಲಿನಲ್ಲೇ ಓದಿ ರೆಕಾರ್ಡ್ ಮಾಡಿ, ಚಿತ್ರದ ಕೆಳಗೆ ಕೂರಿಸಿ ನೋಡಿದಾಗಲೇ ಖಾತ್ರಿ. ಅಂಕಿಗಳು ಹೆಚ್ಚಾಗಿ ಮೋಸ ಮಾಡುವುದು ಆಗಲೇ. ಹಂಪಿಯ ಬಳಿ ತುಂಗಭದ್ರೆಯ ಒಂದು ಭಾಗ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವಾದದ್ದು 2015ರಲ್ಲಿ. ಬರೆದರೆ ನಾಲ್ಕೇ ಅಂಕಿ. ‘ಎರಡು ಸಾವಿರದ ಹದಿನೈದು’ ಎಂದು ಓದಿದರೆ 11 ಅಕ್ಷರ, ಎರಡು ಸೆಕೆಂಡಿಗೂ ಮಿಗಿಲು. ಈ ಮಾಹಿತಿಯನ್ನು ಹಾರುವ ಶಾಟಿಗೆ ತುರುಕದೆ, ನದಿಯನ್ನು ದೂರದಿಂದ ತೋರಿಸುವ ಉದ್ದನೆಯ ಶಾಟಿಗೆ ಸಾಗಿಸಬೇಕು. ಅಲ್ಲಿ ಏನೂ ಓಡುತ್ತಿರುವುದಿಲ್ಲ, ಕಿವಿಗೆ ಬಿಡುವಿರುತ್ತದೆ.