ಗುಲಾಬಿ ವೈರು ಯಾವುದು?

‘ಅಮಾಂಗ್ ಅಸ್’ ಗೇಮ್ ಬಂದದ್ದು 2018ರಲ್ಲಾದರೂ ಜನ ಅದಕ್ಕೆ ಮುಗಿಬಿದ್ದದ್ದು 2020ರ ಲಾಕ್‌ಡೌನ್ ಕಾಲದಲ್ಲಿ. ಬಾಹ್ಯಾಕಾಶ ನೌಕೆಯಲ್ಲಿ ಎಲ್ಲರೂ ಏನೋ ಕೆಲಸ ಮಾಡುತ್ತಿರುತ್ತಾರೆ. ಕೊಲೆಗಾರನೂ ಅವರ ನಡುವೆಯೇ ಇರುತ್ತಾನೆ. ಅಲ್ಲಿನ ಒಂದು ಕೆಲಸ ವೈರಿಂಗ್ ಸರಿಪಡಿಸುವುದು. ಎಡಕ್ಕೆ ಕೆಂಪು, ನೀಲಿ, ಹಳದಿ, ಗುಲಾಬಿ ವೈರುಗಳು; ಬಲಕ್ಕೂ ಅವೇ, ಆದರೆ ಕ್ರಮ ಬೇರೆ. ಬಣ್ಣ ನೋಡಿ ಜೋಡಿಸಿದರೆ ಕೆಲವೇ ಸೆಕೆಂಡಿನಲ್ಲಿ ಮುಗಿಯಿತು. ಕೆಂಪನ್ನು ಗ್ರಹಿಸದ ಕಣ್ಣಿಗೆ ಮಾತ್ರ ಗುಲಾಬಿಯಲ್ಲಿ ಉಳಿಯುವುದು ಬಹುಪಾಲು ನೀಲಿಯೇ. ಅಂಥವರು ಅಂದಾಜಿನ ಮೇಲೆ ಎಳೆದು, ತಪ್ಪಿದರೆ ಬದಲಿಸುತ್ತ ಅಲ್ಲೇ ನಿಂತಿರಬೇಕು. ಈ ಆಟದಲ್ಲಿ ಒಂದೇ ಕಡೆ ನಿಂತವನು ಸಾಯುತ್ತಾನೆ, ಇಲ್ಲವೇ ಅನುಮಾನಕ್ಕೆ ಗುರಿಯಾಗುತ್ತಾನೆ.

ಯುರೋಪ್ ಮೂಲದ ಗಂಡಸರಲ್ಲಿ ಶೇ. 8ರಷ್ಟು ಮಂದಿಗೆ ಕೆಂಪು–ಹಸಿರಿನ ಗೊಂದಲವಿದೆ. ಇದಕ್ಕೆ ಕಾರಣವಾದ ಜೀನ್‌ಗಳು ಎಕ್ಸ್ ಕ್ರೋಮೋಸೋಮ್‌ನಲ್ಲಿ ಇರುವುದರಿಂದ ಹೆಂಗಸರಲ್ಲಿ ಇದು ತೀರಾ ಕಡಿಮೆ. ಅನೇಕ ಗೇಮ್‌ಗಳು ಇದಕ್ಕೆ ಕಂಡುಕೊಂಡ ಮೊದಲ ಪರಿಹಾರ, ಇಡೀ ಪರದೆಯ ಮೇಲೊಂದು ಬಣ್ಣದ ಫಿಲ್ಟರ್ ಹಾಕುವುದು. ನನ್ನ ಪ್ರಕಾರ ಅದು ಸೋಮಾರಿತನ. ಆಕಾಶ, ಮುಖ, ಮರ ಎಲ್ಲದರ ಬಣ್ಣವೂ ಕೆಡುತ್ತದೆ. ಶತ್ರು ಯಾರು, ಗೆಳೆಯ ಯಾರು ಎಂಬುದು ಅಷ್ಟರ ಮೇಲೂ ಸ್ಪಷ್ಟವಾಗುವುದಿಲ್ಲ. ಅರ್ಥವನ್ನು ಹೊತ್ತ ಬಣ್ಣಗಳನ್ನಷ್ಟೇ ಬದಲಿಸಿದರೆ ಸಾಕು. ಜಪಾನಿನ ವಿಜ್ಞಾನಿಗಳಾದ ಒಕಾಬೆ ಮತ್ತು ಇತೋ ಎಂಟು ಬಣ್ಣಗಳ ಒಂದು ಪ್ಯಾಲೆಟ್ ರೂಪಿಸಿದ್ದಾರೆ. ಅದರಿಂದ ಶತ್ರುವಿಗೆ ಕಿತ್ತಳೆ `#E69F00`, ಗೆಳೆಯನಿಗೆ ನೀಲಿ `#0072B2` ತೆಗೆದುಕೊಂಡರೆ, ಕೆಂಪು–ಹಸಿರು ಗೊಂದಲದ ಕಣ್ಣಿಗೂ ಈ ಜೋಡಿ ಬೇರೆಬೇರೆಯಾಗಿ ಕಾಣುತ್ತದೆ. ಜೊತೆಗೆ ಒಂದು ತಿಳಿ, ಇನ್ನೊಂದು ಗಾಢ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಆಂಡ್ರಾಯ್ಡ್ ಫೋನಿನ ಆಕ್ಸೆಸಿಬಿಲಿಟಿ ಸೆಟ್ಟಿಂಗ್ಸ್‌ನಲ್ಲಿ ಗ್ರೇಸ್ಕೇಲ್ ಆನ್ ಮಾಡಿ ಲೂಡೊ ತೆರೆಯಿರಿ. ಮನೆಯೊಳಗಿರುವ ಕಾಯಿ ಯಾರದೆಂದು ಜಾಗದಿಂದಲೇ ತಿಳಿಯುತ್ತದೆ. ಹಾದಿಗೆ ಇಳಿದ ಮೇಲೆ ಯಾವ ಕಾಯಿ ಯಾರದೆಂದು ಗುರುತಿಸಲು ತಡಕಾಡಬೇಕಾದರೆ, ಆಟ ಬಣ್ಣವೊಂದನ್ನೇ ನಂಬಿದೆ ಎಂದರ್ಥ. ಆದರೆ ಈ ಪರೀಕ್ಷೆಗೂ ಒಂದು ಕುಂದಿದೆ: ಕೆಂಪನ್ನು ಗ್ರಹಿಸದವರಿಗೆ ಕೆಂಪು ಇನ್ನೂ ಕಪ್ಪಾಗಿ ಕಾಣುತ್ತದೆ. ಕಪ್ಪು ಹಿನ್ನೆಲೆಯ ಮೇಲಿನ ಕೆಂಪು ಚುಕ್ಕೆ ಗ್ರೇಸ್ಕೇಲ್‌ನಲ್ಲಿ ಪಾಸಾದರೂ ಅವರ ಕಣ್ಣಿಗೆ ಬೀಳದೆ ಹೋಗಬಹುದು.

ಅದಕ್ಕೇ ಬಣ್ಣದ ಜೊತೆ ಆಕಾರವೂ ಬೇಕು. ‘ಅಮಾಂಗ್ ಅಸ್’ ತಯಾರಕರು ಮುಂದೆ ಒಂದೊಂದು ವೈರಿಗೆ ಒಂದೊಂದು ಚಿಹ್ನೆ ಕೊಟ್ಟರು. ಆಟಗಾರರ ಬಣ್ಣದ ಹೆಸರನ್ನು ಅಕ್ಷರದಲ್ಲಿ ತೋರಿಸುವ ಆಯ್ಕೆಯನ್ನೂ ಸೇರಿಸಿದರು. ಎಲ್ಲರೂ ‘ಕೆಂಪಿನವನೇ ಕೊಲೆಗಾರ’ ಎಂದು ಕೂಗಾಡುವ ಆಟದಲ್ಲಿ ಅದಿಲ್ಲದೆ ಹೇಗೆ?

ಕೈಗಳ ವಿಷಯಕ್ಕೆ ಬಂದರೆ ತೊಡಕು ಕೋಡ್‌ನ ಒಳಗೇ ಇರುತ್ತದೆ. ‘`E` ಕೀ ಒತ್ತಿದರೆ ಬಾಗಿಲು ತೆರೆ’ ಎಂದು ನೇರವಾಗಿ ಬರೆದ ಗೇಮ್‌ನಲ್ಲಿ ಕೀ ಬದಲಿಸಲು ನೂರಾರು ಕಡೆ ತಿದ್ದಬೇಕು. ‘ಬಾಗಿಲು ತೆರೆ’ ಎಂಬ ಕ್ರಿಯೆಗೆ ಹೆಸರಿಟ್ಟು, ಅದಕ್ಕೆ ಯಾವ ಕೀ ಎಂಬುದನ್ನು ಬೇರೆ ಪಟ್ಟಿಯಲ್ಲಿ ಇಟ್ಟರೆ ಒಂದೇ ಕೈಯಲ್ಲಿ ಆಡುವವರು ತಮಗೆ ಎಟಕುವ ಕೀ ಆರಿಸಿಕೊಳ್ಳಬಹುದು. ಇಷ್ಟು ಮಾಡಿಯೂ ಎಡವುವವರಿದ್ದಾರೆ. ಕೀ ಬದಲಾಗಿದ್ದರೂ ಪರದೆ ಮಾತ್ರ ‘`E` ಒತ್ತಿ’ ಎಂದೇ ಹೇಳುತ್ತಿರುತ್ತದೆ. ಒಂದೇ ಕೀಗೆ ಎರಡು ಕೆಲಸ ಬಿದ್ದರೆ ಎಚ್ಚರಿಸುವುದಿಲ್ಲ. ಮೆನು ತೆರೆಯುವ ಕೀಯನ್ನೇ ಕಳೆದುಕೊಂಡವನಿಗೆ ಹಳೆಯ ಸ್ಥಿತಿಗೆ ಮರಳುವ ದಾರಿ ಇರುವುದಿಲ್ಲ. ಓಡಲು ಕೀಯನ್ನು ಒತ್ತಿಹಿಡಿದೇ ಇರಬೇಕೆಂಬ ನಿಯಮವನ್ನಂತೂ ಇಂಥವರು ಮುಟ್ಟುವುದೇ ಇಲ್ಲ. ಬೆರಳು ನೋಯುವವರಿಗೆ ಒಮ್ಮೆ ಒತ್ತಿದರೆ ಓಟ, ಮತ್ತೊಮ್ಮೆ ಒತ್ತಿದರೆ ನಿಲುಗಡೆ ಎಂಬ ಆಯ್ಕೆ ಬೇಕು.

ಸಬ್‌ಟೈಟಲ್ ಕಿವಿ ಕೇಳದವರಿಗೆ ಮಾತ್ರ ಎಂದುಕೊಂಡವರು ಯೂಬಿಸಾಫ್ಟ್‌ನ ಅಂಕಿಗಳನ್ನು ನೋಡಬೇಕು. ‘ಅಸ್ಯಾಸಿನ್ಸ್ ಕ್ರೀಡ್ ಒರಿಜಿನ್ಸ್’ನಲ್ಲಿ ಆಟಗಾರರೇ ಆನ್ ಮಾಡಿಕೊಳ್ಳಬೇಕಿತ್ತು, ಶೇ. 60ರಷ್ಟು ಜನ ಮಾಡಿಕೊಂಡರು. ಮುಂದಿನ ‘ಒಡಿಸಿ’ಯಲ್ಲಿ ಮೊದಲಿನಿಂದಲೇ ಆನ್ ಇಟ್ಟರು, ಶೇ. 95ರಷ್ಟು ಜನ ಆಫ್ ಮಾಡಲೇ ಇಲ್ಲ. ಮೆನು ಸಿಗುವ ಮೊದಲೇ ಆರಂಭದ ದೃಶ್ಯ ಓಡಿಹೋಗುವ ಗೇಮ್‌ಗಳಲ್ಲಿ ಇದು ಇನ್ನೂ ಮುಖ್ಯ.

ಒಮ್ಮೆಗೆ ಎರಡು ಸಾಲು, ಸಾಲಿಗೆ ಸುಮಾರು 38 ಅಕ್ಷರ, ಹಿಂದೆ ಗಾಢವಾದ ಪಟ್ಟಿ, ಮಾತಾಡುವವರ ಹೆಸರು, ಹಿಂದಿನಿಂದ ಬರುವ ಹೆಜ್ಜೆ ಸಪ್ಪಳದ ಸೂಚನೆ: ಇಂಗ್ಲಿಷ್ ಸಬ್‌ಟೈಟಲ್‌ಗೆ ಹೀಗೊಂದು ರೂಢಿ ಇದೆ. ಕನ್ನಡದಲ್ಲಿ ಗೇಮ್ ಮಾಡುವವರಿಗೆ ಈ ಲೆಕ್ಕ ಹಾಗೇ ಹೊಂದುವುದಿಲ್ಲ. ಒತ್ತಕ್ಷರಗಳು ಕೆಳಗೆ ಇಳಿಯುವುದರಿಂದ ಸಾಲುಗಳ ನಡುವಿನ ಜಾಗ ಹೆಚ್ಚಿಸದಿದ್ದರೆ ಮೇಲಿನ ಸಾಲಿನ ‘ರಾಷ್ಟ್ರ’ದ ಒತ್ತುಗಳು ಕೆಳಗಿನ ಸಾಲಿನ ‘ಕೀ’ಯ ಗುಡಿಸಿಗೆ ತಾಗುತ್ತವೆ. ಅಕ್ಷರವೂ ತುಸು ದೊಡ್ಡದಿರಬೇಕು. ಇಂಥ ನಾಲ್ಕಾರು ಪದಗಳನ್ನು ಒಂದರ ಕೆಳಗೊಂದು ಹಾಕಿ, ಸೋಫಾದಲ್ಲಿ ಕೂತು ಟಿವಿಯಲ್ಲಿ ಓದಿ ನೋಡಿದರೆ ಗಾತ್ರ ಸಾಕೋ ಸಾಲದೋ ಅಲ್ಲೇ ತಿಳಿಯುತ್ತದೆ.