ಬಾಕಿ ಬಿಲ್ಲಿಗೊಂದು ಪತ್ರ

ಜನವರಿಯ ಮೊದಲ ವಾರದಲ್ಲಿ ತಾಲ್ಲೂಕು ಪಟ್ಟಣವೊಂದರ ಬಟ್ಟೆ ಅಂಗಡಿಯವರು ನನ್ನ ಮೇಜಿನ ಮೇಲೆ ಒಂದು ಹಾಳೆ ಇಟ್ಟರು. ಬೆಂಗಳೂರಿನ ಚಿಕ್ಕಪೇಟೆಯ ಹೋಲ್‌ಸೇಲ್ ವ್ಯಾಪಾರಿಗೆ ಕಳಿಸಬೇಕೆಂದು ಅವರೇ ಬರೆದ ಪತ್ರ ಅದು. ‘ದೀಪಾವಳಿ ವ್ಯಾಪಾರ ಕೈಕೊಟ್ಟಿತು, ಮನೆಯಲ್ಲೂ ಖರ್ಚು ಬಂತು, ದಯವಿಟ್ಟು ಸ್ವಲ್ಪ ಟೈಮ್ ಕೊಡಿ, ಮೂರು ತಿಂಗಳಲ್ಲಿ ಪೂರ್ತಿ ಚುಕ್ತಾ ಮಾಡುತ್ತೇನೆ’ ಎಂದಿತ್ತು. ಸಣ್ಣ ಅಂಗಡಿಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಇಂಥ ಪತ್ರಗಳನ್ನು ಬಹಳ ನೋಡಿದ್ದೇನೆ. ಬರೆದವರ ಸಂಕಟ ನಿಜ. ಆದರೆ ಓದುವವನಿಗೆ ಬೇಕಾದ ಒಂದೇ ಒಂದು ಅಂಕಿಯೂ ಅದರಲ್ಲಿರಲಿಲ್ಲ. ಬಾಕಿ ಎಷ್ಟು, ಯಾವ ತಾರೀಖಿಗೆ ಎಷ್ಟು ಬರುತ್ತದೆ, ತಡವಾದದ್ದಕ್ಕೆ ಬಡ್ಡಿ ಏನು ಎಂಬುದು ಇಲ್ಲದಿದ್ದರೆ ಹೋಲ್‌ಸೇಲ್‌ನವರ ಕಣ್ಣಿಗೆ ಆ ಕಾಗದ ಇನ್ನೊಂದು ವಾಯಿದೆಯಷ್ಟೇ.

ಅವರನ್ನು ಕೂರಿಸಿ ಮೊದಲು ಕೇಳಿದ್ದು, ‘ಬಾಕಿ ಎಷ್ಟು ಅಣ್ಣಾ?’

‘ಅವರು 1,96,400 ಅಂತಾರೆ. ನನ್ನ ಲೆಕ್ಕದಲ್ಲಿ ಅಷ್ಟಿಲ್ಲ.’

ಪತ್ರ ಅಲ್ಲಿಗೇ ನಿಂತಿತು. ಎರಡೂ ಕಡೆಯ ಖಾತೆ ತಾಳೆಯಾಗದೆ ಪತ್ರಕ್ಕೆ ಸಹಿ ಹಾಕಬಾರದು ಎನ್ನುವುದಕ್ಕೆ ಗಟ್ಟಿ ಕಾರಣವಿದೆ. ಉದ್ರಿಗೆ ಮಾರಿದ ಮಾಲಿನ ಹಣಕ್ಕಾಗಿ ದಾವೆ ಹೂಡಲು 1963ರ ಕಾಲಮಿತಿ ಕಾಯ್ದೆ ಮೂರು ವರ್ಷ ಕೊಡುತ್ತದೆ. ಉದ್ರಿಗೆ ಇಂತಿಷ್ಟು ದಿನ ಎಂದು ಗೊತ್ತುಪಡಿಸಿದ್ದರೆ ಆ ದಿನಗಳು ಮುಗಿದ ಮೇಲೆ ಈ ಮೂರು ವರ್ಷ ಶುರುವಾಗುತ್ತದೆ. ಅವಧಿ ಮುಗಿಯುವ ಮುನ್ನ ಸಾಲಗಾರ ‘ಬಾಕಿ ಇದೆ’ ಎಂದು ಬರೆದು ಸಹಿ ಹಾಕಿದರೆ, ಅದೇ ಕಾಯ್ದೆಯ 18ನೇ ಕಲಮಿನ ಪ್ರಕಾರ ಸಹಿ ಬಿದ್ದ ದಿನದಿಂದ ಹೊಸದಾಗಿ ಮೂರು ವರ್ಷ ಎಣಿಕೆಯಾಗುತ್ತದೆ. ಅಂದರೆ ಈ ಪತ್ರ ಬರೀ ವಿನಂತಿಯಲ್ಲ, ಸಾಲದ ಒಪ್ಪಿಗೆಯೂ ಹೌದು. ಅದರಲ್ಲಿ ತಪ್ಪು ಮೊತ್ತ ಬರೆದರೆ ಆ ತಪ್ಪಿಗೂ ನಮ್ಮದೇ ಸಹಿ ಬಿದ್ದಂತಾಗುತ್ತದೆ. ಅವಧಿ ಮುಗಿದುಹೋದ ಹಳೇ ಬಾಕಿಯನ್ನೂ ‘ಕೊಡುತ್ತೇನೆ’ ಎಂದು ಬರೆದುಕೊಟ್ಟರೆ ಕರಾರು ಕಾಯ್ದೆಯ 25ನೇ ಕಲಮು ಆ ಮಾತಿಗೆ ಮತ್ತೆ ಬಲ ಕೊಡುತ್ತದೆ. ಇದರಿಂದ ಹೆದರಿ ಪತ್ರ ಬರೆಯದಿರುವುದು ಸರಿಯಲ್ಲ. ತಿಳಿದು ಬರೆಯುವುದು ಸರಿ.

ಹೋಲ್‌ಸೇಲ್‌ನವರಿಂದ ಖಾತೆಯ ನಕಲು ತರಿಸಿ ಸಾಲು ಸಾಲಾಗಿ ಗುರುತು ಹಾಕಿದೆವು. ಬಣ್ಣ ಹೋದ ಸೀರೆಗಳನ್ನು ವಾಪಸು ಕಳಿಸಿದ್ದಕ್ಕೆ 11,400 ರೂಪಾಯಿಯ ಕ್ರೆಡಿಟ್ ನೋಟ್ ಜಮಾ ಆಗಿರಲಿಲ್ಲ. ಫೋನಿನಿಂದ ಕಳಿಸಿದ 5,000 ಇನ್ಯಾರದೋ ಖಾತೆಗೆ ಹೋಗಿತ್ತು. ಎರಡನ್ನೂ ಕಳೆದಾಗ ಉಳಿದದ್ದು ಸರಿಯಾಗಿ 1,80,000. ಬಿಲ್ಲುಗಳು ಮೂರು: ಸೆಪ್ಟೆಂಬರ್ 2ರದು 62,000, ಸೆಪ್ಟೆಂಬರ್ 28ರದು 70,000, ಅಕ್ಟೋಬರ್ 14ರದು 48,000. ಮೂರಕ್ಕೂ 45 ದಿನದ ಉದ್ರಿ. ವಾಯಿದೆ ಮೀರಿದರೆ ವರ್ಷಕ್ಕೆ ಶೇ 24 ಬಡ್ಡಿ ಎಂದು ಬಿಲ್ಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು.

ಆಮೇಲೆ ‘ಮೂರು ತಿಂಗಳು’ ಎಂಬ ಮಾತಿಗೆ ಬಂದೆವು. ಅಂಗಡಿಯ ವ್ಯಾಪಾರ ತಿಂಗಳಿಗೆ ಸರಾಸರಿ ನಾಲ್ಕು ಲಕ್ಷ, ಅದರಲ್ಲಿ ಉಳಿಯುವ ಲಾಭ 80,000ದ ಆಸುಪಾಸು. ಬಾಡಿಗೆ, ಹುಡುಗರ ಸಂಬಳ, ಕರೆಂಟು ಸೇರಿ 38,000. ಮನೆ ಖರ್ಚು 22,000. ಕೈಯಲ್ಲಿ ಉಳಿಯುವುದು 20,000. ಮೂರು ತಿಂಗಳಲ್ಲಿ ತೀರಿಸಬೇಕಾದರೆ ತಿಂಗಳಿಗೆ 60,000 ಬೇಕು. ಬರೆಯುವಾಗ ಅವರಿಗೆ ಸುಳ್ಳು ಹೇಳುವ ಮನಸ್ಸಿರಲಿಲ್ಲ, ಲೆಕ್ಕ ಹಾಕಿರಲಿಲ್ಲ ಅಷ್ಟೆ. ಆದರೆ ಎರಡನೇ ಕಂತೇ ತಪ್ಪಿದರೆ ಹೋಲ್‌ಸೇಲ್‌ನವರಿಗೆ ಎರಡೂ ಒಂದೇ. ಆಷಾಢದಲ್ಲಿ ಬಟ್ಟೆ ಅಂಗಡಿಗೆ ಗಿರಾಕಿ ಬರುವುದೇ ಕಡಿಮೆ. ಆ ತಿಂಗಳಲ್ಲೂ ಕೊಡಬಲ್ಲ ಮೊತ್ತವನ್ನೇ ಕಂತು ಮಾಡಬೇಕೆಂದು ನಾನು ಹಟ ಹಿಡಿದೆ. ಕೊನೆಗೆ ಹೊಂದಿದ್ದು ಹೀಗೆ: ಪತ್ರದ ಜೊತೆಗೇ 30,000, ಉಳಿದ 1,50,000ಕ್ಕೆ ತಿಂಗಳಿಗೆ 15,000 ಅಸಲಿನಂತೆ ಹತ್ತು ಕಂತು.

ಬಡ್ಡಿಯ ಮಾತನ್ನು ನಾವೇ ಎತ್ತಬೇಕು ಎಂಬುದು ನನ್ನ ಅನುಭವ. ಕೇಳುವ ಮೊದಲೇ ಒಂದು ದರ ಹೇಳಿದವರ ಜೊತೆ ಚೌಕಾಸಿ ಆ ದರದಿಂದ ಶುರುವಾಗುತ್ತದೆ. ಸುಮ್ಮನಿದ್ದವರ ಜೊತೆ ಬಿಲ್ಲಿನ ಶೇ 24ರಿಂದ. ನಾವು ವರ್ಷಕ್ಕೆ ಶೇ 12, ಅಂದರೆ ಪೇಟೆಯ ಮಾತಿನಲ್ಲಿ ನೂರಕ್ಕೆ ಒಂದು ರೂಪಾಯಿ ಎಂದು ಬರೆದೆವು. ಆದರೆ ‘ಒಂದು ರೂಪಾಯಿ ಬಡ್ಡಿ’ ಎಂದಷ್ಟೇ ಬರೆದರೆ ಜಗಳಕ್ಕೆ ಬಾಗಿಲು ತೆರೆದಿಟ್ಟಂತೆ. ಪೂರ್ತಿ ಒಂದೂವರೆ ಲಕ್ಷಕ್ಕೆ ಹತ್ತು ತಿಂಗಳೂ ಬಡ್ಡಿ ಹಾಕಿದರೆ 15,000 ಆಗುತ್ತದೆ. ಪ್ರತಿ ಕಂತಿನ ನಂತರ ಉಳಿದ ಅಸಲಿಗೆ ಮಾತ್ರ ಹಾಕಿದರೆ ಮೊದಲ ತಿಂಗಳು 1,500, ಎರಡನೆಯದು 1,350, ಹೀಗೆ ಇಳಿಯುತ್ತ ಹತ್ತನೆಯದು 150. ಒಟ್ಟು 8,250. ಒಂದೇ ದರ, ಆದರೆ 6,750 ರೂಪಾಯಿಯ ವ್ಯತ್ಯಾಸ. ‘ಉಳಿದ ಅಸಲಿನ ಮೇಲೆ’ ಎಂಬ ಮಾತು ಪತ್ರದಲ್ಲಿ ಇರಲೇಬೇಕು.

ವಾಯಿದೆ ಮುಗಿದ ದಿನದಿಂದ ಪತ್ರದ ದಿನದವರೆಗಿನ ಬಡ್ಡಿಯನ್ನು ಬಹಳ ಜನ ಮರೆಯುತ್ತಾರೆ. ಅಂಗಡಿಯವನು ಅದು ಮಾಫಿ ಎಂದುಕೊಂಡಿರುತ್ತಾನೆ, ಹೋಲ್‌ಸೇಲ್‌ನವನು ಖಾತೆಗೆ ಬರೆದಿರುತ್ತಾನೆ. ನಾವು ಮೂರು ಬಿಲ್ಲಿಗೂ ಮೀರಿದ ದಿನಗಳನ್ನು ಎಣಿಸಿ (80, 54, 38) ಶೇ 12ರಂತೆ 3,473 ಎಂದು ತೆಗೆದು, 30,000ದ ಜೊತೆಗೇ ಕಳಿಸಲು ನಿರ್ಧರಿಸಿದೆವು. ಪತ್ರ ಹೀಗಾಯಿತು:

‘ಮಾನ್ಯರೇ,

ತಮ್ಮ ಮೂರು ಬಿಲ್ಲುಗಳ ಬಾಬ್ತು ಇಂದು, ಜನವರಿ 5ಕ್ಕೆ, ನಮ್ಮಿಂದ ಬರಬೇಕಾದ ಅಸಲು ಬಾಕಿ 1,80,000 ರೂಪಾಯಿ. ಎರಡೂ ಕಡೆಯ ಖಾತೆ ತಾಳೆಯಾಗಿದೆ, ನಕಲು ಲಗತ್ತಿಸಿದ್ದೇನೆ. ವಾಯಿದೆಗೆ ಸರಿಯಾಗಿ ಹಣ ಕಳಿಸಲಾಗಲಿಲ್ಲ, ಅದು ನಮ್ಮ ತಪ್ಪು.

ಇಂದು 33,473 ರೂಪಾಯಿ ತಮ್ಮ ಬ್ಯಾಂಕ್ ಖಾತೆಗೆ ಹಾಕಿದ್ದೇನೆ. ಇದರಲ್ಲಿ 3,473 ಇಂದಿನವರೆಗಿನ ಬಡ್ಡಿ, 30,000 ಅಸಲು. ಉಳಿದ 1,50,000ವನ್ನು ಫೆಬ್ರುವರಿಯಿಂದ ನವೆಂಬರ್‌ವರೆಗೆ ಪ್ರತಿ ತಿಂಗಳ 5ನೇ ತಾರೀಖಿನೊಳಗೆ 15,000ದಂತೆ, ಉಳಿದ ಅಸಲಿನ ಮೇಲೆ ತಿಂಗಳಿಗೆ ಶೇ 1 ಬಡ್ಡಿ ಸೇರಿಸಿ ಕೊಡುತ್ತೇನೆ. ಬಡ್ಡಿಗೆ ಬಡ್ಡಿ ಇರುವುದಿಲ್ಲ. ಕಂತುಗಳ ಪಟ್ಟಿ ಜೊತೆಗಿದೆ.

ಪ್ರತಿ ಕಂತನ್ನೂ ಮೊದಲು ಆ ತಿಂಗಳ ಬಡ್ಡಿಗೆ, ನಂತರ ಅತಿ ಹಳೆಯ ಬಿಲ್ಲಿಗೆ ಜಮಾ ಮಾಡಬೇಕೆಂದು ಕೋರುತ್ತೇನೆ. ಇನ್ನು ಮುಂದೆ ತರಿಸುವ ಮಾಲಿಗೆ ನಗದು ಕೊಡುತ್ತೇನೆ; ಆ ಹಣ ಈ ಬಾಕಿಗೆ ಸೇರುವುದಿಲ್ಲ. ಸತತ ಎರಡು ಕಂತು ತಪ್ಪಿದರೆ ಅಂದಿನಿಂದ ಉಳಿದ ಅಸಲಿಗೆ ತಮ್ಮ ಬಿಲ್ಲಿನ ದರ ಅನ್ವಯಿಸಲಿ.

ಒಪ್ಪಿಗೆಯಾದರೆ ಈ ಪತ್ರದ ನಕಲಿನ ಮೇಲೆ ಸಹಿ, ಸೀಲು ಹಾಕಿ ಕಳಿಸಬೇಕು.’

ಇದರಲ್ಲಿ ಜಮಾ ಮಾಡುವ ಕ್ರಮದ ಸಾಲು ಯಾಕೆಂದು ಅವರು ಕೇಳಿದರು. ಕೊಡುವವನು ಇದು ಯಾವ ಬಾಕಿಗೆ ಎಂದು ಹೇಳಿ ಕೊಟ್ಟ ಹಣವನ್ನು ತೆಗೆದುಕೊಂಡವನು ಆ ಬಾಕಿಗೇ ಹಾಕಬೇಕು ಎನ್ನುತ್ತದೆ ಕರಾರು ಕಾಯ್ದೆಯ 59ನೇ ಕಲಮು. ಹೇಳದೆ ಕೊಟ್ಟರೆ ಯಾವುದಕ್ಕೆ ಹಾಕಬೇಕೆಂಬುದು ತೆಗೆದುಕೊಂಡವನ ಇಷ್ಟ. ಈ ಸಾಲು ಇಲ್ಲದೆ ಒಂದು ಅಂಗಡಿಯ ಕಂತುಗಳೆಲ್ಲ ಹೊಸ ಮಾಲಿನ ಬಿಲ್ಲಿಗೆ ಜಮಾ ಆಗಿ, ಹಳೇ ಬಿಲ್ಲುಗಳ ಬಡ್ಡಿ ಬೆಳೆಯುತ್ತಲೇ ಹೋದದ್ದನ್ನು ನಾನು ಕಂಡಿದ್ದೇನೆ.

ಹೋಲ್‌ಸೇಲ್‌ನವರು ಹತ್ತು ತಿಂಗಳಿಗೆ ಒಪ್ಪಿದರು, ಆದರೆ ಹತ್ತು ಮುಂದಿನ ತಾರೀಖಿನ ಚೆಕ್ಕು ಕೇಳಿದರು. ಇಲ್ಲಿ ತಡೆದು ಯೋಚಿಸಬೇಕು. ಕಂತು ತಪ್ಪಿದರೆ ಅದು ಹಣದ ತಕರಾರು. ಆದರೆ ಖಾತೆಯಲ್ಲಿ ಹಣವಿಲ್ಲದೆ ಚೆಕ್ಕು ವಾಪಸಾಗಿ, ಅವರು 30 ದಿನದೊಳಗೆ ನೋಟಿಸು ಕಳಿಸಿ, ನೋಟಿಸು ಸಿಕ್ಕ 15 ದಿನದಲ್ಲೂ ನಾವು ಹಣ ಕೊಡದಿದ್ದರೆ ಅದು 138ನೇ ಕಲಮಿನ ಕ್ರಿಮಿನಲ್ ಕೇಸಾಗುತ್ತದೆ. ನಾವು ಮೊದಲ ಮೂರು ಕಂತಿಗೆ ಮಾತ್ರ ಚೆಕ್ಕು ಕೊಟ್ಟು, ಚೆಕ್ಕಿನ ನಂಬರುಗಳನ್ನೂ ಪತ್ರಕ್ಕೆ ಸೇರಿಸಿದೆವು.

ಜಿಎಸ್‌ಟಿಯ ಎರಡು ವಿಷಯ ಬಾಕಿ ಇತ್ತು. ಬಿಲ್ಲಿನ ತಾರೀಖಿನಿಂದ 180 ದಿನದೊಳಗೆ ಹಣ ಕೊಡದಿದ್ದರೆ, ಕೊಡದ ಭಾಗಕ್ಕೆ ಅಂಗಡಿಯವರು ಪಡೆದ ತೆರಿಗೆ ಕ್ರೆಡಿಟ್ಟನ್ನು ಬಡ್ಡಿ ಸಹಿತ ಹಿಂತಿರುಗಿಸಬೇಕು. ಹಣ ಕೊಟ್ಟ ಮೇಲೆ ಕ್ರೆಡಿಟ್ಟನ್ನು ಮತ್ತೆ ಪಡೆಯಬಹುದು. ಸೆಪ್ಟೆಂಬರ್ 2ರ ಬಿಲ್ಲಿಗೆ ಆ ಗಡುವು ಮಾರ್ಚ್ 1. ಅಷ್ಟರಲ್ಲಿ ನಮ್ಮ ಪಟ್ಟಿಯಂತೆ 45,000 ಹೋಗಿರುತ್ತದೆ, 17,000 ಉಳಿದಿರುತ್ತದೆ. ಶೇ 5ರ ದರದಲ್ಲಿ ಅದರೊಳಗಿನ ತೆರಿಗೆ ಸುಮಾರು 810 ರೂಪಾಯಿ. ದೊಡ್ಡ ಮೊತ್ತವಲ್ಲ, ಆದರೆ ಮಾರ್ಚ್ ಕೊನೆಗೆ ಎರಡನೇ ಬಿಲ್ಲಿನ ಗಡುವು, ಅದರ ಹಿಂದೆಯೇ ಮೂರನೆಯದರದು. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡೆವು. ಇನ್ನೊಂದು, ತಡವಾದ ಹಣದ ಬಡ್ಡಿ ಮಾಲಿನ ಬೆಲೆಗೇ ಸೇರುವುದರಿಂದ ಅದಕ್ಕೂ ತೆರಿಗೆ ಬೀಳುತ್ತದೆ. ಒಟ್ಟು ಬಡ್ಡಿ 11,723ಕ್ಕೆ ಸುಮಾರು 586. ಹೋಲ್‌ಸೇಲ್‌ನವರು ಡೆಬಿಟ್ ನೋಟ್ ಕಳಿಸಿದಂತೆ ಅದನ್ನು ನಾವೇ ಕೊಡುವುದೆಂದು ಮಾತಾಯಿತು.

ಇದೇ ಪತ್ರವನ್ನು ಎಲ್ಲರಿಗೂ ಬರೆಯಲಾಗದು. ಮಾಲು ಕೊಟ್ಟವರು ಬರೀ ವ್ಯಾಪಾರಿಯಲ್ಲದೆ ಉದ್ಯಮ ನೋಂದಣಿ ಇರುವ ಸಣ್ಣ ತಯಾರಕರಾಗಿದ್ದರೆ, ಉದಾಹರಣೆಗೆ ದೊಡ್ಡಬಳ್ಳಾಪುರದ ಒಂದು ಪವರ್‌ಲೂಮ್ ಘಟಕ, ಅವರಿಗೆ 2006ರ ಎಂಎಸ್‌ಎಂಇ ಕಾಯ್ದೆಯ ರಕ್ಷಣೆ ಇದೆ. ಅಲ್ಲಿ ಒಪ್ಪಂದ ಏನೇ ಇರಲಿ, ಉದ್ರಿ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಅಂಥವರಿಗೆ ಶೇ 12ರ ಪ್ರಸ್ತಾಪ ಬರೆಯುವ ಮುನ್ನ ಅವರ ಬಿಲ್ಲಿನ ಮೇಲೆ ಉದ್ಯಮ ನಂಬರು ಇದೆಯೇ ಎಂದು ನೋಡಬೇಕು, ವಕೀಲರನ್ನೂ ಒಮ್ಮೆ ಕೇಳಬೇಕು.

ಸಹಿ, ಸೀಲು ಬಿದ್ದ ನಕಲು ವಾರದಲ್ಲಿ ಬಂತು. ಆರು ಕಂತು ಸಲೀಸಾಗಿ ಹೋದವು. ಏಳನೆಯದರ ಹೊತ್ತಿಗೆ ಆಷಾಢದ ಏಟು ತಗುಲಿ ಕೈಯಲ್ಲಿ ಹತ್ತೇ ಸಾವಿರ ಇತ್ತು. ತಾರೀಖು ಮೀರಿದ ಮೇಲೆ ನೆವ ಹೇಳುವ ಬದಲು ನಾಲ್ಕು ದಿನ ಮೊದಲೇ ಫೋನು ಮಾಡಿಸಿದೆ. ‘ಸಾಹುಕಾರ್ರೇ, 5ಕ್ಕೆ ಹತ್ತು ಹಾಕ್ತೀನಿ, ಉಳಿದದ್ದು 20ಕ್ಕೆ. ಹದಿನೈದು ದಿನದ ಬಡ್ಡಿ ಸೇರಿಸಿಯೇ ಹಾಕ್ತೀನಿ.’ ಆ ಕಡೆಯಿಂದ ‘ಆಯ್ತು, ವಾಟ್ಸಾಪ್‌ನಲ್ಲಿ ಬರೆದುಬಿಡಿ’ ಎಂದಷ್ಟೇ ಬಂತು. ಬರೆದರು, 20ಕ್ಕೆ ಹಾಕಿದರು.

ನವೆಂಬರ್ 5ರಂದು ಕೊನೆಯ 15,150 ಹೋದ ಮೇಲೆ ಇನ್ನೊಂದು ಕಾಗದ ಕೇಳಿ ತರಿಸಿದೆವು: ‘ಸದರಿ ಮೂರು ಬಿಲ್ಲುಗಳ ಅಸಲು, ಬಡ್ಡಿ ಚುಕ್ತಾ’ ಎಂಬ ಒಂದೇ ಸಾಲು, ಜೊತೆಗೆ ಬಾಕಿ ಸೊನ್ನೆ ಎಂದು ತೋರಿಸುವ ಖಾತೆಯ ನಕಲು. ಜನವರಿಯ ಪತ್ರದ ಹಿಂದೆಯೇ ಅದನ್ನು ಪಿನ್ನು ಮಾಡಿ ಫೈಲಿಗೆ ಹಾಕಿದೆ.