ಆಜೀವ ವರ್ಷಾಶನವೋ, ನಿಶ್ಚಿತಾವಧಿ ವರ್ಷಾಶನವೋ?

ಚಡಚಣದ ಜವಳಿ ಪೇಟೆಯ ವರ್ತಕರಿಗೆ ಸರಕಾರಿ ನೌಕರರಿಗಿರುವಂತಹ ನಿವೃತ್ತಿ ವೇತನವಿಲ್ಲ. ಅಂಗಡಿಯನ್ನು ಮಕ್ಕಳಿಗೆ ಒಪ್ಪಿಸಿದ ದಿನ ಅವರ ಕೈಯಲ್ಲಿ ಉಳಿಯುವುದು ಒಂದು ಗಂಟು ಹಣ ಮಾತ್ರ. ಅದನ್ನು ವರ್ಷವರ್ಷದ ಆದಾಯವಾಗಿ ಮಾರ್ಪಡಿಸಿಕೊಳ್ಳಲು ಎರಡು ಬಗೆಯ ವರ್ಷಾಶನಗಳಿವೆ. ನಿಶ್ಚಿತಾವಧಿ ವರ್ಷಾಶನವು ಗೊತ್ತುಪಡಿಸಿದಷ್ಟು ವರ್ಷ ನಡೆಯುತ್ತದೆ. ಪಡೆಯುವವರು ತೀರಿಕೊಂಡರೆ ಉಳಿದ ಕಂತುಗಳು ವಾರಸುದಾರರಿಗೆ ಸಲ್ಲುತ್ತವೆ. ಆಜೀವ ವರ್ಷಾಶನವು ಪಡೆಯುವವರು ಬದುಕಿರುವವರೆಗೆ ನಡೆದು, ಅವರೊಂದಿಗೇ ನಿಲ್ಲುತ್ತದೆ.

ಮೊದಲನೆಯದರ ಬೆಲೆ ಕಟ್ಟಲು ಬಡ್ಡಿಯ ಲೆಕ್ಕವೊಂದೇ ಸಾಕು. ಶೇಕಡಾ 7ರ ಬಡ್ಡಿಯಲ್ಲಿ ಒಂದು ವರ್ಷದ ನಂತರ ಬರುವ 1 ಲಕ್ಷ ರೂ.ಗಳ ಇಂದಿನ ಬೆಲೆ 93,458 ರೂ. ಹತ್ತು ವರ್ಷಗಳ ನಂತರ ಬರುವ 1 ಲಕ್ಷದ ಇಂದಿನ ಬೆಲೆ 50,835 ರೂ. ಹೀಗೆ ಪ್ರತಿ ಕಂತಿನ ಇಂದಿನ ಬೆಲೆಯನ್ನು ಕೂಡಿಸಿದರೆ ಒಟ್ಟು ಬೆಲೆ ದೊರೆಯುತ್ತದೆ. ಎರಡನೆಯದರಲ್ಲಿ ಇನ್ನೊಂದು ಗುಣಾಕಾರ ಬೇಕು. ಕಂತಿನ ದಿನ ಪಡೆಯುವವರು ಬದುಕಿರುವ ಸಂಭಾವ್ಯತೆ ಎಷ್ಟೋ ಅಷ್ಟರಿಂದ ಆ ಬೆಲೆಯನ್ನು ಗುಣಿಸಬೇಕು.

ಲೆಕ್ಕ ಸುಲಭವಾಗಲೆಂದು ಹೀಗೆ ಊಹಿಸೋಣ: 65 ವಯಸ್ಸಿನ 100 ಜನರಲ್ಲಿ ವರ್ಷಕ್ಕೆ 4 ಜನರಂತೆ ತೀರಿಕೊಂಡು, 90ರ ಹೊತ್ತಿಗೆ ಯಾರೂ ಉಳಿಯುವುದಿಲ್ಲ. ಇದೇ ಜಾಡಿನ ಸರಳ ಊಹೆಯನ್ನು ಅಬ್ರಹಾಂ ಡಿ ಮಾಯ್ವರ್ 1725ರಲ್ಲಿ ವರ್ಷಾಶನಗಳ ಕುರಿತ ತಮ್ಮ ಗ್ರಂಥದಲ್ಲಿ ಬಳಸಿದ್ದರು. ಇದರ ಪ್ರಕಾರ ಮೊದಲ ಕಂತನ್ನು 96 ಜನ ಪಡೆಯುತ್ತಾರೆ. ಆದ್ದರಿಂದ ಅದರ ಬೆಲೆ 89,720 ರೂ. ಹತ್ತನೆಯ ಕಂತಿಗೆ 60 ಜನ ಉಳಿದಿರುತ್ತಾರೆ. ಬೆಲೆ 30,501 ರೂ.ಗೆ ಇಳಿಯುತ್ತದೆ. ಇಪ್ಪತ್ತನೆಯ ಕಂತಿನ ಬೆಲೆ 5,168 ರೂ. ಮಾತ್ರ. ಎಲ್ಲವನ್ನೂ ಕೂಡಿಸಿದರೆ ವರ್ಷಕ್ಕೆ 1 ಲಕ್ಷ ರೂ.ಗಳ ಆಜೀವ ವರ್ಷಾಶನದ ಬೆಲೆ ಸುಮಾರು 7,16,000 ರೂ. ಆಗುತ್ತದೆ.

ಇಲ್ಲಿ ಅನೇಕರು ಎಡವುತ್ತಾರೆ. ಈ ಗುಂಪಿನಲ್ಲಿ ಒಬ್ಬರಿಗೆ ಸರಾಸರಿ 12 ಕಂತುಗಳು ಸಲ್ಲುತ್ತವೆ. ಹಾಗಾದರೆ 12 ವರ್ಷಗಳ ನಿಶ್ಚಿತಾವಧಿ ವರ್ಷಾಶನದ ಬೆಲೆಯೇ ಇದರ ಬೆಲೆ ಎಂದು ತೋರುವುದು ಸಹಜ. ಆದರೆ ಆ ಬೆಲೆ 7,94,000 ರೂ.; ಅಂದರೆ 78,000 ರೂ. ಹೆಚ್ಚು. ಕಾರಣವನ್ನು ಇಬ್ಬರ ಉದಾಹರಣೆಯಿಂದ ತಿಳಿಯಬಹುದು. ಒಬ್ಬರು 2 ಕಂತು ಪಡೆದು ತೀರಿಕೊಂಡರು, ಇನ್ನೊಬ್ಬರು 22 ಕಂತು ಪಡೆದರು. ಸರಾಸರಿ 12 ಕಂತೇ. ಆದರೆ ಮೊದಲಿನವರ ಕಂತುಗಳ ಇಂದಿನ ಬೆಲೆ 1,80,800 ರೂ., ಎರಡನೆಯವರದು 11,06,100 ರೂ.; ಸರಾಸರಿ 6,43,500 ರೂ.ಗಿಂತ ಕಡಿಮೆ. ಬೇಗ ತೀರಿಕೊಂಡವರಿಂದ ಉಳಿಯುವುದು ಹತ್ತಿರದ, ಬೆಲೆಯುಳ್ಳ ಹಣ. ದೀರ್ಘಾಯುಷಿಗೆ ಸಲ್ಲುವುದು ಬಹುದೂರದ, ಬಡ್ಡಿಯಿಂದ ಸವೆದ ಹಣ. ಆದ್ದರಿಂದ ಸರಾಸರಿ ಆಯುಷ್ಯವನ್ನು ಹಿಡಿದು ಬೆಲೆ ಕಟ್ಟಕೂಡದು.

ಇದನ್ನೇ ನಿವೃತ್ತ ವರ್ತಕರ ಕಡೆಯಿಂದ ನೋಡೋಣ. ಅವರು 10 ಲಕ್ಷ ರೂ. ಕೊಟ್ಟರೆ, ಖರ್ಚುವೆಚ್ಚ ಬಿಟ್ಟು, ಆಜೀವ ವರ್ಷಾಶನವಾಗಿ ವರ್ಷಕ್ಕೆ ಸುಮಾರು 1,39,600 ರೂ. ದೊರೆಯಬೇಕು. ಅದೇ ಹಣವನ್ನು ಶೇಕಡಾ 7ರ ಠೇವಣಿಯಲ್ಲಿಟ್ಟು ತಾವೇ ಅಷ್ಟನ್ನು ತೆಗೆಯುತ್ತ ಹೋದರೆ ಹನ್ನೊಂದನೆಯ ಕಂತಿಗೆ ಹಣ ಸಾಲದು. ಆ ದಿನ 100ರಲ್ಲಿ 56 ಜನ ಇನ್ನೂ ಬದುಕಿರುತ್ತಾರೆ. ಬದುಕುಳಿದವರಿಗೆ ಮುಂದೆ ಸಲ್ಲುವ ಹಣವು ಬೇಗ ತೀರಿಕೊಂಡವರ ಪಾಲಿನಿಂದ ಬರುತ್ತದೆ. ವಿಮಾ ಸಂಸ್ಥೆಯ ಔದಾರ್ಯವೇನೂ ಇದರಲ್ಲಿಲ್ಲ.

ಎರಡನ್ನೂ ಬೆಸೆದ ವ್ಯವಸ್ಥೆಯೂ ಉಂಟು. ಭಾರತೀಯ ಜೀವ ವಿಮಾ ನಿಗಮವು 2020ರಲ್ಲಿ ಹೊರತಂದ ಜೀವನ್ ಅಕ್ಷಯ್–7 ಯೋಜನೆಯಲ್ಲಿ 5, 10, 15 ಅಥವಾ 20 ವರ್ಷ ಖಾತರಿಯಾಗಿ, ತರುವಾಯ ಜೀವಮಾನವಿಡೀ ಸಲ್ಲುವ ಆಯ್ಕೆಗಳಿದ್ದವು. ನಮ್ಮ ಊಹೆಯ ಲೆಕ್ಕದಲ್ಲಿ ಹತ್ತು ವರ್ಷದ ಖಾತರಿ ಸೇರಿಸಿದರೆ ವಾರ್ಷಿಕ ಕಂತು 1,39,600ರಿಂದ ಸುಮಾರು 1,16,900 ರೂ.ಗೆ ಇಳಿಯುತ್ತದೆ. ಪತ್ನಿಗೆ ಬೇರೆ ಆಧಾರವಿಲ್ಲದಿದ್ದರೆ ಈ ಬೆಲೆ ತೆರಬಹುದು. ಆದರೆ ಖಾತರಿಯ ಅವಧಿ ಮುಗಿದ ನಂತರ ಪತಿ ತೀರಿಕೊಂಡರೆ ಆಕೆಗೆ ಏನೂ ದೊರೆಯದು. ಅಂತಹವರಿಗೆ ದಂಪತಿಗಳಿಬ್ಬರ ಆಯುಷ್ಯಕ್ಕೂ ಅನ್ವಯಿಸುವ ವರ್ಷಾಶನವೇ ಲೇಸು. ಅಸಲು ಹಿಂತಿರುಗಿಸುವ ಆಯ್ಕೆ ನಮ್ಮಲ್ಲಿ ಅನೇಕರಿಗೆ ಪ್ರಿಯ. ಆದರೆ ಅದರಲ್ಲಿ ಬರುವುದು ಬಹುತೇಕ ಅಸಲಿನ ಬಡ್ಡಿಯಷ್ಟೇ.

ನಿಜವಾದ ದರಪಟ್ಟಿ ನಮ್ಮ ಊಹೆಗಿಂತ ಕಡಿಮೆ ಕೊಡುತ್ತದೆ. ವರ್ಷಾಶನ ಕೊಳ್ಳುವವರು ಸಾಮಾನ್ಯರಿಗಿಂತ ದೀರ್ಘಾಯುಷಿಗಳಾಗಿರುವುದು ಅನುಭವದ ಮಾತು. ಆದ್ದರಿಂದ ಸಂಸ್ಥೆಗಳು ಅವರಿಗಾಗಿಯೇ ಸಿದ್ಧಪಡಿಸಿದ ಮರಣ ಕೋಷ್ಟಕವನ್ನು ಬಳಸುತ್ತವೆ. ಮೇಲಿನ ಗುಂಪಿನ ಮಿತಿಯನ್ನು 90ರಿಂದ 95ಕ್ಕೆ ಏರಿಸಿದರೆ 1 ಲಕ್ಷ ರೂ. ವರ್ಷಾಶನದ ಬೆಲೆ 7,96,000 ರೂ. ಆಗುತ್ತದೆ, 10 ಲಕ್ಷಕ್ಕೆ ದೊರೆಯುವ ಕಂತು 1,25,600 ರೂ.ಗೆ ಇಳಿಯುತ್ತದೆ. ಹೃದಯ ಅಥವಾ ಮೂತ್ರಪಿಂಡದ ತೀವ್ರ ಕಾಯಿಲೆಯುಳ್ಳವರು ಸಾಮಾನ್ಯ ದರದಲ್ಲಿ ಆಜೀವ ವರ್ಷಾಶನ ಕೊಂಡರೆ, ಆರೋಗ್ಯವಂತರ ಆಯುಷ್ಯದ ಬೆಲೆಯನ್ನು ತಾವು ತೆತ್ತಂತಾಗುತ್ತದೆ. ಅವರಿಗೆ ನಿಶ್ಚಿತಾವಧಿಯದೇ ಯುಕ್ತ.